ಹೇಗ್ ಕೊಟ್ಟ ‘ಸಲಹೆ’ಗೆ ಎಷ್ಟು ತೂಕ?

ಪ್ರಶ್ನೆ: ನನ್ನ ಅಜ್ಜಿಯ ಮನೆ ಅರ್ಗಾದ ಕಡೆ ಇತ್ತು, ನೌಕಾನೆಲೆಗೆ ಹೋಯಿತು. ಈಗ ಕಾನೂನು ಓದುತ್ತಿರುವಾಗ ಚಾಗೋಸ್ ದ್ವೀಪದವರ ಪ್ರಕರಣ ಕಣ್ಣಿಗೆ ಬಿತ್ತು. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಕೊಟ್ಟಿದ್ದು ತೀರ್ಪಲ್ಲ, ಬರೀ ಸಲಹೆ ಎನ್ನುತ್ತಾರೆ. ಪಾಲಿಸದಿದ್ದರೂ ನಡೆಯುವುದಾದರೆ ಅದನ್ನು ಕೊಟ್ಟು ಏನು ಪ್ರಯೋಜನ? ‘ಇದು ನಮಗೆ ಬೇಡ’ ಎಂದು ನ್ಯಾಯಾಲಯ ಹೇಳಬಹುದಿತ್ತೇ? ನಮ್ಮಂಥವರು ಅಲ್ಲಿಗೆ ಹೋಗಿ ಕೇಳಬಹುದೇ?
— ಕಾರವಾರದ ಓದುಗರೊಬ್ಬರು

ಉತ್ತರ: ಕೊನೆಯದನ್ನು ಮೊದಲು ಹೇಳಿಬಿಡುತ್ತೇನೆ. ವ್ಯಕ್ತಿಗಳು ಕೇಳುವಂತಿಲ್ಲ, ಊರಿನವರು ಸೇರಿ ಕೇಳುವಂತಿಲ್ಲ, ಒಂದು ದೇಶ ತಾನೊಂದೇ ಹೋಗಿ ಕೇಳುವಂತೆಯೂ ಇಲ್ಲ. ವಿಶ್ವಸಂಸ್ಥೆಯ ಸಾಮಾನ್ಯ ಸಭೆ, ಭದ್ರತಾ ಮಂಡಳಿ ಮತ್ತು ಸಾಮಾನ್ಯ ಸಭೆಯಿಂದ ಅನುಮತಿ ಪಡೆದ ಇತರ ಅಂಗಗಳು, ಸಂಸ್ಥೆಗಳು ಮಾತ್ರ ಕೇಳಬಹುದು. ನಿಮ್ಮ ಉಳಿದ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಅವುಗಳಿಗೆ ಚಾಗೋಸ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅದಕ್ಕೂ ಮುಂಚೆ ಶಿರಸಿಯ ಒಂದು ಕಡತದ ಕಥೆ ಹೇಳಬೇಕು. ನಾನು ವಕೀಲಿ ಶುರುಮಾಡಿದ ವರ್ಷಗಳಲ್ಲಿ ಅನ್ನಕ್ಕೆ ದಾರಿಯಾದದ್ದು ವ್ಯಾಜ್ಯಗಳಲ್ಲ, ಬ್ಯಾಂಕುಗಳಿಗೆ ಬರೆದುಕೊಡುತ್ತಿದ್ದ ಅಭಿಪ್ರಾಯಗಳು. ಅಡಿಕೆ ತೋಟದ ಮೇಲೆ ಸಾಲ ಕೇಳಿದವರ ಪಹಣಿ, ಹಿಸ್ಸೆ ಪತ್ರ, ಋಣಭಾರ ಪತ್ರ ಎಲ್ಲ ನೋಡಿ ‘ಹಕ್ಕು ಸರಿಯಿದೆ’ ಅಥವಾ ‘ಇಲ್ಲ’ ಎಂದು ಎರಡು ಪುಟ ಬರೆಯುವುದು. ಒಮ್ಮೆ ಒಬ್ಬರು ತೋಟದ ಜೊತೆಗೆ ಅದಕ್ಕೆ ಹೊಂದಿದ ಸೊಪ್ಪಿನ ಬೆಟ್ಟವನ್ನೂ ಅಡವು ಇಡಲು ಬಂದಿದ್ದರು. ಬೆಟ್ಟದ ಒಡೆತನ ಸರ್ಕಾರದ್ದು, ತೋಟದವರಿಗೆ ಇರುವುದು ಸೊಪ್ಪು ಸದೆ ತರುವ ಸವಲತ್ತು ಮಾತ್ರ, ಅದನ್ನು ಅಡವು ಹಾಕಲು ಬರುವುದಿಲ್ಲ ಎಂದು ಬರೆದೆ. ನನ್ನ ಕಾಗದಕ್ಕೆ ಯಾರೂ ಬದ್ಧರಾಗಿರಲಿಲ್ಲ. ಮ್ಯಾನೇಜರರು ಬೇಕಿದ್ದರೆ ಅದನ್ನು ಮಡಚಿಟ್ಟು ಸಾಲ ಕೊಡಬಹುದಿತ್ತು. ಕೊಡಲಿಲ್ಲ. ಆರು ತಿಂಗಳ ಮೇಲೆ ಆ ಗೃಹಸ್ಥರು ಬೇರೊಂದು ಬ್ಯಾಂಕಿಗೆ ಹೋದರು. ಅಲ್ಲಿಯವರೂ ಹೇಗೋ ಆ ಎರಡು ಪುಟ ತರಿಸಿಕೊಂಡು ನೋಡಿ, ಅರ್ಜಿಯನ್ನು ಹಿಂದಕ್ಕೆ ಕೊಟ್ಟರು.

ನನ್ನ ಸಹಿಗೆ ಅಷ್ಟು ಶಕ್ತಿ ಎಲ್ಲಿಂದ ಬರಬೇಕು? ಬೆಟ್ಟ ಅಡವು ಹಾಕಲು ಬರುವುದಿಲ್ಲ ಎಂಬುದು ನಾನು ಬರೆದದ್ದರಿಂದ ಹುಟ್ಟಿದ ನಿಯಮವಲ್ಲ. ಅದು ಮೊದಲೇ ಇತ್ತು. ಒಮ್ಮೆ ಕಾಗದದ ಮೇಲೆ ಬಂದ ಮೇಲೆ ‘ಗೊತ್ತಿರಲಿಲ್ಲ’ ಎನ್ನುವ ದಾರಿ ಮುಚ್ಚಿತು, ಅಷ್ಟೆ. ಹೇಗ್‌ನ ಹದಿನೈದು ನ್ಯಾಯಾಧೀಶರನ್ನು ಶಿರಸಿಯ ಒಬ್ಬ ಎಳೆಯ ವಕೀಲನ ಜೊತೆ ತೂಗುವುದು ಅತಿಯಾಯಿತು, ನಿಜ. ಆದರೂ ಈ ಒಂದು ಅಂಶವನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಚಾಗೋಸ್ ದ್ವೀಪಗಳು ಹಿಂದೂ ಮಹಾಸಾಗರದ ನಡುಮಧ್ಯೆ, ಮಾಲ್ಡೀವ್ಸ್‌ನ ದಕ್ಷಿಣಕ್ಕೆ ಇವೆ. ಬ್ರಿಟನ್ನಿನ ವಸಾಹತಾಗಿದ್ದ ಮಾರಿಷಸ್‌ನ ಆಡಳಿತಕ್ಕೆ ಅವು ಸೇರಿದ್ದವು. ಮಾರಿಷಸ್ಸಿಗೆ ಸ್ವಾತಂತ್ರ್ಯ ಕೊಡುವ ಮಾತುಕತೆ ನಡೆಯುತ್ತಿದ್ದಾಗಲೇ, 1965ರ ನವೆಂಬರ್‌ನಲ್ಲಿ, ಬ್ರಿಟನ್ ಅವನ್ನು ಕತ್ತರಿಸಿ ಬೇರೆಯೇ ಒಂದು ವಸಾಹತು ಮಾಡಿತು. ಅಲ್ಲಿನ ದೊಡ್ಡ ದ್ವೀಪ ಡಿಯೆಗೊ ಗಾರ್ಸಿಯಾ ಅಮೆರಿಕದ ಸೇನಾ ನೆಲೆಗೆ ಬೇಕಾಗಿತ್ತು. 1967ರಿಂದ 1973ರ ನಡುವೆ ದ್ವೀಪವಾಸಿಗಳನ್ನೆಲ್ಲ ಹೊರಗೆ ಹಾಕಲಾಯಿತು. ಹೊರಗೆ ಹೋಗಿದ್ದವರನ್ನು ಮರಳಲು ಬಿಡಲಿಲ್ಲ, ಉಳಿದವರನ್ನು ಬಲವಂತವಾಗಿ ಹಡಗು ಹತ್ತಿಸಿದರು. ಮಾರಿಷಸ್ 1968ರ ಮಾರ್ಚ್ 12ರಂದು ಸ್ವತಂತ್ರವಾದಾಗ ಚಾಗೋಸ್ ಅದರ ಜೊತೆಗಿರಲಿಲ್ಲ.

ಮಾರಿಷಸ್ ನೇರವಾಗಿ ಬ್ರಿಟನ್ ಮೇಲೆ ದಾವೆ ಹಾಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹಾಕಲು ಬರುತ್ತಿರಲಿಲ್ಲ. ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಎರಡು ದೇಶಗಳ ವ್ಯಾಜ್ಯ ನಡೆಯಬೇಕಾದರೆ ಎರಡೂ ಒಪ್ಪಿರಬೇಕು. ನಮ್ಮ ಸಿವಿಲ್ ಕೋರ್ಟಿನ ಹಾಗೆ ಸಮನ್ಸ್ ಕಳಿಸಿ ಕರೆಸುವ ಅಧಿಕಾರ ಅದಕ್ಕಿಲ್ಲ. ಬ್ರಿಟನ್ ತನ್ನ ಒಪ್ಪಿಗೆ ಪತ್ರದಲ್ಲಿ ಕಾಮನ್‌ವೆಲ್ತ್ ಸದಸ್ಯ ದೇಶಗಳ ಜೊತೆಗಿನ ವ್ಯಾಜ್ಯಗಳನ್ನು ಹೊರಗಿಟ್ಟಿತ್ತು. ಹಾಗಾದರೆ ಕಾಮನ್‌ವೆಲ್ತ್ ಬಿಟ್ಟು ಬಂದು ದಾವೆ ಹಾಕುತ್ತೇವೆ ಎಂಬ ಮಾತು ಮಾರಿಷಸ್ ಕಡೆಯಿಂದ ಬಂದಾಗ, 2004ರಲ್ಲಿ ‘ಸದಸ್ಯರಾಗಿದ್ದ’ ದೇಶಗಳನ್ನೂ ಸೇರಿಸಿ ಆ ಕಂಡಿಯನ್ನೂ ಮುಚ್ಚಿತು. ಬ್ರಿಟನ್ನನ್ನು ಬೈಯುವ ಮುನ್ನ ಒಂದು ಮಾತು: ಭಾರತದ ಒಪ್ಪಿಗೆ ಪತ್ರದಲ್ಲೂ ಇದೇ ಬಗೆಯ ಷರತ್ತಿದೆ. ತನ್ನ ವಿಮಾನವನ್ನು ಭಾರತ ಹೊಡೆದುರುಳಿಸಿತು ಎಂದು ಪಾಕಿಸ್ತಾನ ಹಾಕಿದ ದಾವೆ 2000ದಲ್ಲಿ ವಿಚಾರಣೆಗೇ ಬಾರದೆ ಹೋದದ್ದಕ್ಕೆ ಈ ಷರತ್ತೂ ಒಂದು ಕಾರಣ.

ಮುಂಬಾಗಿಲು ಹೀಗೆ ಮುಚ್ಚಿದ್ದರಿಂದ ಮಾರಿಷಸ್ ಸಾಮಾನ್ಯ ಸಭೆಗೆ ಹೋಯಿತು. 2017ರ ಜೂನ್ 22ರಂದು ಸಭೆ 94 ಮತಗಳಿಂದ ಎರಡು ಪ್ರಶ್ನೆ ಕೇಳಲು ನಿರ್ಧರಿಸಿತು. 15 ದೇಶಗಳು ವಿರೋಧಿಸಿದವು, 65 ತಟಸ್ಥವಾಗಿದ್ದವು. ಪ್ರಶ್ನೆಗಳ ವಾಕ್ಯರಚನೆಯನ್ನು ಗಮನಿಸಬೇಕು, ಏಕೆಂದರೆ ಇಡೀ ಪ್ರಕರಣ ನಿಂತದ್ದು ಅದರ ಮೇಲೆ. ‘ಚಾಗೋಸ್ ಯಾರದ್ದು?’ ಎಂದು ಎಲ್ಲೂ ಕೇಳಲಿಲ್ಲ. 1968ರಲ್ಲಿ ಮಾರಿಷಸ್‌ನ ವಸಾಹತು ವಿಮೋಚನೆ ಕಾನೂನುಬದ್ಧವಾಗಿ ಪೂರ್ಣವಾಗಿತ್ತೇ ಎಂಬುದು ಮೊದಲನೆಯದು. ಬ್ರಿಟನ್ ಅಲ್ಲಿನ ಆಡಳಿತ ಮುಂದುವರಿಸಿರುವುದರಿಂದ ಕಾನೂನಿನಲ್ಲಿ ಏನೇನು ಪರಿಣಾಮ ಉಂಟಾಗುತ್ತದೆ ಎಂಬುದು ಎರಡನೆಯದು. ಭೂಮಿಯ ಒಡೆತನ ಎರಡು ದೇಶಗಳ ಜಗಳ. ವಸಾಹತು ವಿಮೋಚನೆಯಾದರೋ, ವಸಾಹತುಗಳಿಗೆ ಸ್ವಾತಂತ್ರ್ಯ ಕೊಡಬೇಕೆಂಬ 1960ರ ಪ್ರಸಿದ್ಧ ನಿರ್ಣಯದಿಂದೀಚೆಗೆ, ಸಾಮಾನ್ಯ ಸಭೆಯ ಸ್ವಂತ ಕೆಲಸ. ಒಳ್ಳೆಯ ವಕೀಲರು ಬರೆದ ಪ್ರಶ್ನೆ ಅದು.

ಈಗ ‘ಬೇಡ’ ಎನ್ನುವ ಅಧಿಕಾರಕ್ಕೆ ಬರೋಣ. ಅಂತರರಾಷ್ಟ್ರೀಯ ನ್ಯಾಯಾಲಯದ ಕಾಯಿದೆಯ 65ನೇ ವಿಧಿ ಸಲಹಾ ಅಭಿಪ್ರಾಯ ‘ಕೊಡಬಹುದು’ ಎನ್ನುತ್ತದೆ, ‘ಕೊಡತಕ್ಕದ್ದು’ ಎನ್ನುವುದಿಲ್ಲ. ನಮ್ಮ ಸಂವಿಧಾನದ 143ನೇ ವಿಧಿಯ ಮೊದಲ ಖಂಡದಲ್ಲೂ ಇದೇ ‘ಬಹುದು’ ಇದೆ. ಅಯೋಧ್ಯೆಯ ಆ ಜಾಗದಲ್ಲಿ ಮೊದಲು ದೇವಾಲಯ ಇತ್ತೇ ಎಂದು ರಾಷ್ಟ್ರಪತಿಗಳು ಕೇಳಿದ್ದ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ 1994ರಲ್ಲಿ ಉತ್ತರಿಸದೆ ಗೌರವಪೂರ್ವಕವಾಗಿ ಹಿಂದಕ್ಕೆ ಕಳಿಸಿದ್ದು ಈ ‘ಬಹುದು’ವಿನ ಬಲದಿಂದ.

ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವ ಒಂದು ಜಾಗ ಇದೆ. ‘ಉತ್ತರಿಸುವ ಅಧಿಕಾರವೇ ನನಗಿಲ್ಲ’ ಎನ್ನುವುದು ಬೇರೆ, ‘ಅಧಿಕಾರ ಇದೆ, ಆದರೆ ಉತ್ತರಿಸುವುದಿಲ್ಲ’ ಎನ್ನುವುದು ಬೇರೆ. ಅಣ್ವಸ್ತ್ರ ಬಳಕೆ ಕಾನೂನುಬದ್ಧವೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಕೇಳಿದಾಗ, 1996ರಲ್ಲಿ, ನ್ಯಾಯಾಲಯ ಮೊದಲನೆಯ ಉತ್ತರ ಕೊಟ್ಟಿತು. ಅಣ್ವಸ್ತ್ರದಿಂದ ಆರೋಗ್ಯಕ್ಕಾಗುವ ಹಾನಿ ನಿಮ್ಮ ಕೆಲಸ, ಅದರ ಬಳಕೆ ಕಾನೂನುಬದ್ಧವೇ ಎಂಬುದು ನಿಮ್ಮ ಕೆಲಸವಲ್ಲ ಎಂದಿತು. ಅದೇ ದಿನ ಹೆಚ್ಚುಕಡಿಮೆ ಅದೇ ಪ್ರಶ್ನೆಯನ್ನು ಸಾಮಾನ್ಯ ಸಭೆ ಕೇಳಿದ್ದಕ್ಕೆ ಉತ್ತರ ಕೊಟ್ಟಿತು. ಕೇಳಿದವರು ಯಾರು, ಉತ್ತರ ಇಟ್ಟುಕೊಂಡು ಅವರಿಗೆ ಮಾಡಬೇಕಾದ ಸ್ವಂತ ಕೆಲಸ ಏನಿದೆ ಎಂಬುದು ಎಷ್ಟು ಮುಖ್ಯ ಎಂದು ಇದರಿಂದ ತಿಳಿಯುತ್ತದೆ.

ಎರಡನೆಯ ಬಗೆಯ ನಿರಾಕರಣೆಗೆ ಎಲ್ಲರೂ ತೋರಿಸುವುದು 1923ರ ಪೂರ್ವ ಕರೇಲಿಯಾ ಪ್ರಕರಣ. ಇಂದಿನ ನ್ಯಾಯಾಲಯಕ್ಕೆ ಮುಂಚೆ ಹೇಗ್‌ನಲ್ಲೇ ಇದ್ದ ಕಾಯಂ ನ್ಯಾಯಾಲಯದ ಕಾಲ ಅದು. ಫಿನ್‌ಲೆಂಡ್ ಮತ್ತು ಸೋವಿಯತ್ ರಷ್ಯಾ ನಡುವಿನ ಜಗಳದ ಬಗ್ಗೆ, ವಿಶ್ವಸಂಸ್ಥೆಗೆ ಮುಂಚೆ ಇದ್ದ ರಾಷ್ಟ್ರಸಂಘದ ಮಂಡಳಿ ಅಭಿಪ್ರಾಯ ಕೇಳಿತು. ರಷ್ಯಾ ರಾಷ್ಟ್ರಸಂಘದ ಸದಸ್ಯನೇ ಆಗಿರಲಿಲ್ಲ, ಕಲಾಪಕ್ಕೂ ಬರುವುದಿಲ್ಲ ಎಂದಿತು. ಪ್ರಶ್ನೆಗೆ ಉತ್ತರಿಸುವುದೆಂದರೆ ಜಗಳವನ್ನೇ ತೀರ್ಮಾನಿಸಿದಂತೆ, ಬೇಕಾದ ಸಂಗತಿಗಳನ್ನು ಒದಗಿಸಲು ಒಂದು ಪಕ್ಷವೇ ಇಲ್ಲ, ಸಲಹೆ ಕೊಡುವಾಗಲೂ ನಾವು ನ್ಯಾಯಾಲಯವೇ ಹೊರತು ಬೇರೇನಲ್ಲ ಎಂದು ಹೇಳಿ ನ್ಯಾಯಾಲಯ ಹಿಂದೆ ಸರಿಯಿತು. ಅದರ ಉತ್ತರಾಧಿಕಾರಿಯಾದ ಇಂದಿನ ನ್ಯಾಯಾಲಯ ಮಾತ್ರ 1946ರಿಂದ ಈವರೆಗೆ ತನ್ನ ವಿವೇಚನೆ ಬಳಸಿ ಒಂದೇ ಒಂದು ಪ್ರಶ್ನೆಯನ್ನೂ ಹಿಂದಕ್ಕೆ ಕಳಿಸಿಲ್ಲ. ತಾನೂ ವಿಶ್ವಸಂಸ್ಥೆಯ ಒಂದು ಅಂಗ, ಇನ್ನೊಂದು ಅಂಗ ನೆರವು ಕೇಳಿದರೆ ‘ಬಲವಾದ ಕಾರಣಗಳು’ ಇದ್ದರೆ ಮಾತ್ರ ಇಲ್ಲ ಎನ್ನಬೇಕು ಎಂಬುದು ಅದರ ನಿಲುವು. ಆ ಬಲವಾದ ಕಾರಣ ಯಾವತ್ತೂ ಸಾಕಷ್ಟು ಬಲವಾಗಿ ಕಾಣಲಿಲ್ಲ!

ಚಾಗೋಸ್‌ನಲ್ಲಿ, ಉತ್ತರಿಸಬೇಡಿ ಎಂದವರು ನಾಲ್ಕು ಕಾರಣ ಮುಂದಿಟ್ಟರು. ಸಂಗತಿಗಳು ಸಿಕ್ಕುಸಿಕ್ಕಾಗಿವೆ ಎಂದರು. ಮೂವತ್ತೊಂದು ದೇಶಗಳು ಮತ್ತು ಆಫ್ರಿಕನ್ ಒಕ್ಕೂಟ ಲಿಖಿತ ಹೇಳಿಕೆ ಸಲ್ಲಿಸಿ ದಾಖಲೆ ರಾಶಿ ಹಾಕಿದ್ದವು, ಹಾಗಾಗಿ ಅದು ನಿಲ್ಲಲಿಲ್ಲ. ಉತ್ತರದಿಂದ ಸಭೆಗೆ ಉಪಯೋಗವಿಲ್ಲ ಎಂದರು. ಅದನ್ನು ಹೇಳಬೇಕಾದವರು ಸಭೆಯವರು ಎಂದಿತು ನ್ಯಾಯಾಲಯ. 2015ರಲ್ಲಿ ಮಧ್ಯಸ್ಥಿಕೆ ಮಂಡಳಿಯೊಂದು ಇದೇ ಜಗಳದ ಒಂದು ಭಾಗವನ್ನು ತೀರ್ಮಾನಿಸಿದೆ ಎಂದರು. ಪ್ರಶ್ನೆಗಳು ಒಂದೇ ಅಲ್ಲ ಎಂಬ ಉತ್ತರ ಬಂತು. ನಿಜವಾದ ಕಾರಣ ನಾಲ್ಕನೆಯದು. ಇದು ಬ್ರಿಟನ್ ಮತ್ತು ಮಾರಿಷಸ್‌ನ ಜಗಳ, ಬ್ರಿಟನ್ ಒಪ್ಪಿಲ್ಲ, ಮುಂಬಾಗಿಲಿನಿಂದ ಬರಲಾಗದವರನ್ನು ಹಿತ್ತಿಲ ಬಾಗಿಲಿನಿಂದ ಬಿಟ್ಟುಕೊಳ್ಳಬೇಡಿ ಎಂಬುದು. ನ್ಯಾಯಾಲಯದ ಉತ್ತರ: ನಮ್ಮನ್ನು ಒಡೆತನದ ಜಗಳ ಬಿಡಿಸಲು ಕೇಳಿಲ್ಲ, ವಸಾಹತು ವಿಮೋಚನೆಯಲ್ಲಿ ಸಭೆಗೆ ನೆರವಾಗಲು ಕೇಳಿದ್ದಾರೆ. ಆ ನೆರವು ಕೊಡುವಾಗ ಎರಡು ದೇಶಗಳು ಭಿನ್ನಾಭಿಪ್ರಾಯ ಇಟ್ಟುಕೊಂಡಿರುವ ವಿಷಯವನ್ನು ಮುಟ್ಟಬೇಕಾಗಿ ಬಂದರೆ ಅಷ್ಟಕ್ಕೇ ಅದು ಅವರ ಜಗಳವಾಗುವುದಿಲ್ಲ.

ಈ ಪ್ರಕರಣದಲ್ಲಿ ಕುಳಿತಿದ್ದ ಹದಿನಾಲ್ಕು ನ್ಯಾಯಾಧೀಶರಲ್ಲಿ ಹನ್ನೆರಡು ಜನ ಹೀಗೆಂದರು. ಅಮೆರಿಕದ ಡೊನೊಹ್ಯೂ ಮತ್ತು ಸ್ಲೊವಾಕಿಯಾದ ಟೊಮ್ಕಾ, ಉತ್ತರಿಸುವುದೇ ಬೇಡ ಎಂದರು. ಉತ್ತರಕ್ಕೆ ಕೈಹಾಕಿದ ಮೇಲೆ ಟೊಮ್ಕಾ ಬಹುಮತದ ಜೊತೆಗೆ ನಿಂತರು, ಹಾಗಾಗಿ ಉಳಿದ ಅಂಶಗಳಲ್ಲಿ ಮತ 13ಕ್ಕೆ 1. ಡೊನೊಹ್ಯೂ ಅವರ ಭಿನ್ನಮತವನ್ನು ‘ಅಮೆರಿಕದ ಪರ’ ಎಂದು ತಳ್ಳಿಹಾಕುವವರಿದ್ದಾರೆ. ನೀವು ಹಾಗೆ ಮಾಡಬೇಡಿ, ಅದನ್ನು ಓದಿ. ಫಲಿತಾಂಶ ಸರಿಯೆಂದೇ ನನ್ನ ಅಭಿಪ್ರಾಯ, ಆದರೆ ಒಪ್ಪಿಗೆಯ ಪ್ರಶ್ನೆಗೆ ಬಹುಮತದವರು ಕೊಟ್ಟ ಸಮಾಧಾನ ತೆಳುವಾಗಿದೆ. ಮಾರಿಷಸ್ ಪರವಾಗಿ ಮಾತನಾಡಿದ ದೇಶಗಳಲ್ಲಿ ಭಾರತವೂ ಇತ್ತು, ಪೀಠದಲ್ಲಿ ನಮ್ಮ ದಲವೀರ್ ಭಂಡಾರಿ ಇದ್ದರು. ಬ್ರಿಟನ್ನಿನ ನ್ಯಾಯಾಧೀಶರು ಇರಲಿಲ್ಲ. 2017ರ ಚುನಾವಣೆಯಲ್ಲಿ ಭಂಡಾರಿಯವರ ಎದುರಿಗಿದ್ದ ಬ್ರಿಟಿಷ್ ಅಭ್ಯರ್ಥಿ ಕಣದಿಂದ ಹಿಂದೆ ಸರಿದಿದ್ದರು.

2019ರ ಫೆಬ್ರುವರಿ 25ರಂದು ಬಂದ ಅಭಿಪ್ರಾಯದ ಸಾರ ಇಷ್ಟು. 1965ರಲ್ಲಿ ಮಾರಿಷಸ್ ವಸಾಹತಾಗಿದ್ದಾಗ ಅದರ ಮಂತ್ರಿಗಳಿಂದ ಪಡೆದ ಒಪ್ಪಿಗೆ ಜನರ ಮುಕ್ತ ಇಚ್ಛೆಯಲ್ಲ. ಆದ್ದರಿಂದ ವಸಾಹತು ವಿಮೋಚನೆ ಪೂರ್ಣವಾಗಿಲ್ಲ. ಬ್ರಿಟನ್ನಿನ ಆಡಳಿತ ಈಗಲೂ ಮುಂದುವರಿಯುತ್ತಿರುವ ತಪ್ಪು, ಅದನ್ನು ಆದಷ್ಟು ಬೇಗ ಕೊನೆಗಾಣಿಸಬೇಕು. ಇದಕ್ಕೆ ಎಲ್ಲ ಸದಸ್ಯ ದೇಶಗಳೂ ವಿಶ್ವಸಂಸ್ಥೆಯೊಂದಿಗೆ ಸಹಕರಿಸಬೇಕು.

ಬ್ರಿಟನ್ ‘ಇದು ಸಲಹೆ, ಬಂಧಕವಲ್ಲ’ ಎಂದು ಹೇಳಿ ಕುಳಿತಲ್ಲಿಯೇ ಕುಳಿತಿತು. ಅದು ಹೇಳಿದ್ದು ಅಕ್ಷರಶಃ ಸರಿ. ತೀರ್ಪು ಪಕ್ಷಗಾರರನ್ನು ಕಟ್ಟುತ್ತದೆ, ಸಲಹಾ ಅಭಿಪ್ರಾಯದಲ್ಲಿ ಪಕ್ಷಗಾರರೇ ಇಲ್ಲ. ಕೇಳಿದ ಸಭೆಯೂ ಅದಕ್ಕೆ ಬದ್ಧವಲ್ಲ. ಅಪವಾದ ಇಲ್ಲವೆಂದಲ್ಲ. ವಿಶ್ವಸಂಸ್ಥೆಯ ಸವಲತ್ತು ಮತ್ತು ವಿನಾಯಿತಿಗಳ ಬಗೆಗಿನ 1946ರ ಒಪ್ಪಂದದಂಥ ಕಡೆ, ಜಗಳ ಬಂದರೆ ನ್ಯಾಯಾಲಯದ ಅಭಿಪ್ರಾಯವೇ ಅಂತಿಮ ಎಂದು ದೇಶಗಳು ಮೊದಲೇ ಬರೆದುಕೊಂಡಿವೆ. ಆದರೆ ಅಲ್ಲಿ ಕಟ್ಟುವುದು ಆ ಒಪ್ಪಂದ, ಅಭಿಪ್ರಾಯವಲ್ಲ. 2019ರ ಮೇ 22ರಂದು ಸಾಮಾನ್ಯ ಸಭೆ, ಆರು ತಿಂಗಳಲ್ಲಿ ಹೊರನಡೆಯಿರಿ ಎಂದು 116 ಮತಗಳಿಂದ ನಿರ್ಣಯಿಸಿತು. ವಿರೋಧಿಸಿದ್ದು ಆರೇ ದೇಶಗಳು. ಆರು ತಿಂಗಳು ಕಳೆಯಿತು, ಬ್ರಿಟನ್ ಹೊರಡಲಿಲ್ಲ. ಕಥೆ ಇಲ್ಲಿಗೆ ನಿಂತಿದ್ದರೆ ನಿಮ್ಮ ‘ಏನು ಪ್ರಯೋಜನ’ಕ್ಕೆ ನನ್ನ ಬಳಿ ಉತ್ತರ ಇರುತ್ತಿರಲಿಲ್ಲ.

ಆ ಆರು ದೇಶಗಳಲ್ಲಿ ಮಾಲ್ಡೀವ್ಸ್ ಒಂದು. ಅದಕ್ಕೊಂದು ಕಾರಣವಿತ್ತು. ಚಾಗೋಸ್ ಮಾರಿಷಸ್‌ನದ್ದಾದರೆ ಮಾಲ್ಡೀವ್ಸ್‌ಗೆ ದಕ್ಷಿಣದಲ್ಲಿ ಹೊಸ ನೆರೆಯವರು ಬರುತ್ತಾರೆ, ಅವರ ಜೊತೆ ಕಡಲ ಗಡಿ ಹಂಚಿಕೊಳ್ಳಬೇಕು. ಮಾರಿಷಸ್ ಆ ಗಡಿ ಹಾಕಿಕೊಡಿ ಎಂದು ಸಮುದ್ರ ಕಾನೂನಿನ ಅಂತರರಾಷ್ಟ್ರೀಯ ನ್ಯಾಯಮಂಡಳಿಗೆ ಹೋಯಿತು. ಅದು ಇರುವುದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. ಮಾಲ್ಡೀವ್ಸ್ ಎತ್ತಿದ ತಕರಾರು ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ದಿನಾ ಕೇಳಿಬರುವಂಥದ್ದು: ಪಕ್ಕದ ಜಮೀನಿನ ಒಡೆಯ ಯಾರೆಂದೇ ತೀರ್ಮಾನವಾಗಿಲ್ಲ, ಹಕ್ಕು ಹೇಳುವ ಇನ್ನೊಬ್ಬರು ಕೋರ್ಟಿಗೇ ಬಂದಿಲ್ಲ, ಸರ್ವೆ ಕಲ್ಲು ಹೇಗೆ ಹಾಕುತ್ತೀರಿ? ಹೇಗ್ ಕೊಟ್ಟದ್ದು ಸಲಹೆ ತಾನೇ?

ವಿಶೇಷ ಪೀಠ 2021ರ ಜನವರಿ 28ರಂದು ಕೊಟ್ಟ ಉತ್ತರದಲ್ಲಿ ನಿಮ್ಮ ಪ್ರಶ್ನೆಯ ತಿರುಳಿದೆ. ಬಂಧಕವೇ ಎಂಬುದು ಒಂದು ಪ್ರಶ್ನೆ, ಅಧಿಕೃತವೇ ಎಂಬುದು ಇನ್ನೊಂದು ಎಂದಿತು ಅದು. ಸಲಹಾ ಅಭಿಪ್ರಾಯ ಬಂಧಕವಲ್ಲ, ನಿಜ. ಆದರೆ ಕಾನೂನು ಏನಿದೆ ಎಂಬುದನ್ನು ಅಧಿಕೃತವಾಗಿ ಹೇಳಿದ ಮಾತು ಅದು, ಬಂಧಕವಲ್ಲ ಎಂಬ ಕಾರಣಕ್ಕೇ ಬದಿಗಿಡಲು ಬರುವುದಿಲ್ಲ. ವಿಮೋಚನೆಯ ಪ್ರಶ್ನೆ ಮತ್ತು ಒಡೆತನದ ಪ್ರಶ್ನೆ ಬೇರ್ಪಡಿಸಲಾಗದಂತೆ ಸೇರಿಕೊಂಡಿವೆ. ಬ್ರಿಟನ್ನಿನ ಆಡಳಿತವೇ ತಪ್ಪು ಎಂದಾದ ಮೇಲೆ ಅದರ ಹಕ್ಕಿನ ಮಾತು ಬರೀ ಹೇಳಿಕೆಯಾಗಿ ಉಳಿಯುತ್ತದೆ. ಹೀಗೆ ಹೇಳಿ, ಮಾರಿಷಸ್ಸನ್ನೇ ನೆರೆಯವರೆಂದು ಇಟ್ಟುಕೊಂಡು ವಿಚಾರಣೆ ಮುಂದುವರಿಸಿ, 2023ರ ಏಪ್ರಿಲ್ 28ರಂದು ಗಡಿ ರೇಖೆ ಎಳೆಯಿತು. ಆ ತೀರ್ಪು ಮಾತ್ರ ಬಂಧಕ. ಬಂಧಕವಲ್ಲದ ಕಾಗದದ ಮೇಲೆ ಕಾಲಿಟ್ಟುಕೊಂಡು ಬಂಧಕ ತೀರ್ಪೊಂದು ನಿಂತಿತು. ಎರಡನೆಯ ಬ್ಯಾಂಕು ನನ್ನ ಎರಡು ಪುಟ ತರಿಸಿಕೊಂಡದ್ದು ನೆನಪಿರಲಿ.

ಇದರ ಜೊತೆಗೇ ಸಣ್ಣಪುಟ್ಟವೂ ನಡೆದವು. 2021ರಲ್ಲಿ ಅಂತರರಾಷ್ಟ್ರೀಯ ಅಂಚೆ ಒಕ್ಕೂಟ ಆ ದ್ವೀಪಗಳ ಹೆಸರಿನಲ್ಲಿ ಬ್ರಿಟನ್ ಹೊರಡಿಸುತ್ತಿದ್ದ ಅಂಚೆಚೀಟಿಗಳನ್ನು ಒಪ್ಪುವುದಿಲ್ಲ ಎಂದಿತು. ಕೊನೆಗೆ 2022ರ ನವೆಂಬರ್‌ನಲ್ಲಿ ಬ್ರಿಟನ್ ತಾನೇ ಮಾತುಕತೆಗೆ ಕುಳಿತಿತು, 2025ರ ಮೇ 22ರಂದು ಚಾಗೋಸ್‌ನ ಸಾರ್ವಭೌಮತ್ವ ಮಾರಿಷಸ್‌ನದೆಂದು ಒಪ್ಪಂದಕ್ಕೆ ಸಹಿ ಹಾಕಿತು. ಸಹಿಯೊಂದೇ ಸಾಲದು, ಎರಡೂ ಕಡೆ ಅನುಮೋದನೆ ಬೇಕು. ಡಿಯೆಗೊ ಗಾರ್ಸಿಯಾ ನೆಲೆ ಆ ಒಪ್ಪಂದದಂತೆ 99 ವರ್ಷ ಉಳಿಯುತ್ತದೆ. ಇದೆಲ್ಲ ಹೇಗ್‌ನ ಕಾಗದವೊಂದರಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ, ಮತ ಎಣಿಕೆ ಮತ್ತು ರಾಜಕಾರಣ ಅದರ ಬೆನ್ನಿಗಿದ್ದವು. ಬೆನ್ನಿಗೆ ಯಾರೂ ನಿಲ್ಲದ ಅಭಿಪ್ರಾಯಗಳು ಕಪಾಟಿನಲ್ಲೇ ಉಳಿದದ್ದೂ ಉಂಟು.

ನಿಮ್ಮ ಅಜ್ಜಿಯ ವಿಷಯ. ಹಡಗು ಹತ್ತಿಸುವುದೂ ಲಾರಿಗೆ ಪಾತ್ರೆಪಗಡ ತುಂಬುವುದೂ ಮನೆ ಕಳೆದುಕೊಂಡವರಿಗೆ ಒಂದೇ ಇರಬಹುದು, ಕಾನೂನಿಗೆ ಒಂದಲ್ಲ. ಕಾರವಾರ, ಅಂಕೋಲಾದ ಕಡಲಂಚಿನ ಊರುಗಳಲ್ಲಿ ನಡೆದದ್ದು ಒಂದು ದೇಶ ತನ್ನ ನೆಲದಲ್ಲಿ, ತನ್ನ ಕಾನೂನಿನಡಿ ಮಾಡಿದ ಭೂಸ್ವಾಧೀನ. ಅದರ ಪರಿಹಾರದ ಲೆಕ್ಕ ಇಲ್ಲಿನ ನ್ಯಾಯಾಲಯಗಳದ್ದೇ. ಚಾಗೋಸ್‌ನಲ್ಲಿ ಹೇಗ್‌ನ ನ್ಯಾಯಾಲಯ ಮುಟ್ಟಿದ್ದು ಮನೆ ಕಳೆದುಕೊಂಡವರ ಪ್ರಶ್ನೆಯನ್ನಲ್ಲ, ದೇಶವೊಂದನ್ನು ತುಂಡರಿಸಿದ ಪ್ರಶ್ನೆಯನ್ನು. ದ್ವೀಪವಾಸಿಗಳ ಪುನರ್ವಸತಿಯನ್ನು ಅದು ಸಾಮಾನ್ಯ ಸಭೆಗೇ ಬಿಟ್ಟಿತು. ವಿಚಾರಣೆಯ ಮೊದಲ ದಿನ, ಪೆರೋಸ್ ಬನ್ಹೋಸ್ ದ್ವೀಪದಲ್ಲಿ ಹುಟ್ಟಿದ ಮಹಿಳೆಯೊಬ್ಬರು ತಾವು ಹಡಗು ಹತ್ತಿದ ಬಗೆಯನ್ನು ತಮ್ಮ ಭಾಷೆಯಲ್ಲೇ ಹೇಳಿದ ವಿಡಿಯೊವನ್ನು ಆ ದೊಡ್ಡ ಸಭಾಂಗಣದಲ್ಲಿ ತೋರಿಸಿದ್ದರು. ಅವರೂ ಎದುರಿಗೇ ಕುಳಿತಿದ್ದರು. ಆದರೆ ಅವರು ಅಲ್ಲಿಗೆ ಬಂದದ್ದು ಮಾರಿಷಸ್ ನಿಯೋಗದ ಜೊತೆಗೆ. ತಮ್ಮ ಹೆಸರಿನಲ್ಲಿ ತಾವೇ ಒಂದು ಪ್ರಶ್ನೆ ಕೇಳುವ ಹಕ್ಕು ಅವರಿಗೂ ಇರಲಿಲ್ಲ.

2022ರ ಫೆಬ್ರುವರಿಯಲ್ಲಿ ಅವರು ಪೆರೋಸ್ ಬನ್ಹೋಸ್‌ನ ದಡಕ್ಕೆ ಮತ್ತೆ ಕಾಲಿಟ್ಟರು. ಬ್ರಿಟನ್ನಿನ ಅನುಮತಿ ಕೇಳದೆ ಮಾರಿಷಸ್ ಕಳಿಸಿದ ಹಡಗು ಅದು. ಬ್ರಿಟನ್ ತಡೆಯಲಿಲ್ಲ. ಆ ಹಡಗು ಹೊರಟದ್ದು ಅವರನ್ನು ಊರಿಗೆ ಕರೆದೊಯ್ಯಲೆಂದೇ ಅಲ್ಲ. ಹ್ಯಾಂಬರ್ಗ್‌ನ ಗಡಿ ದಾವೆಗೆ ಬ್ಲೆನ್‌ಹೈಮ್ ಎಂಬ ದಿಬ್ಬವೊಂದು ಭರತ ಇಳಿದಾಗ ನೀರಿನಿಂದ ಎಷ್ಟು ಮೇಲೆ ಕಾಣುತ್ತದೆ ಎಂದು ಅಳೆದು ಬರಬೇಕಾಗಿತ್ತು.